ಕೊನೇ ಕಂತು ಕಟ್ಟಿದೆ ಚಿಕ್ಕಮ್ಮ

ಇವತ್ತು ಬೆಳಗ್ಗೆ ಚಿಕ್ಕಮ್ಮನ ಖಾತೆಗೆ 10,050 ಹಾಕಿದೆ. 28ನೇ ತಿಂಗಳು, ಕೊನೇ ಕಂತು. ಹೊಲಿಗೆ ಘಟಕಕ್ಕೆ ಎರಡು ಯಂತ್ರ ಕೊಳ್ಳಲು ಅವರು ಕೊಟ್ಟ 2,40,000 ಪೂರ್ತಿ ತೀರಿತು. ಹಣ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಲೇಬೇಕು. ಆದರೆ ನನ್ನ ಮೊದಲ ಪತ್ರವನ್ನು ವಾಪಸ್ ಕಳಿಸಿದರಲ್ಲ, ಅದಕ್ಕೆ ಇನ್ನೂ ಜಾಸ್ತಿ.

ಆ ಪತ್ರದಲ್ಲಿ ಯಂತ್ರದ ಗುಣಗಾನವೇ ಒಂದು ಪುಟ ಇತ್ತು. ಸಾಲದ ಮಾತು ಒಂದೇ ಸಾಲು: "ತಿಂಗಳಿಗೆ 20,000ದಂತೆ ಒಂದು ವರ್ಷದಲ್ಲಿ ತೀರಿಸ್ತೀನಿ." ಚಿಕ್ಕಮ್ಮ ಅದರ ಕೆಳಗೆ ಗೆರೆ ಎಳೆದು ಕೇಳಿದ್ದರು: "ನಿನ್ನ ಅತಿ ಕೆಟ್ಟ ತಿಂಗಳಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತೆ?"

ಲೆಕ್ಕದ ಪುಸ್ತಕ ತೆಗೆದು ನೋಡಿದೆ. 12,000. ನಾನು ಒಳ್ಳೇ ತಿಂಗಳುಗಳನ್ನಷ್ಟೇ ನೋಡಿ ಮಾತು ಕೊಟ್ಟಿದ್ದೆ!

ಎರಡನೇ ಪತ್ರ ಬೇರೆ ಥರ ಬರೆದೆ. ಯಂತ್ರ ಬಂದು, ಕೆಲಸ ಶುರುವಾಗಿ, ಮಾಲು ಕೊಟ್ಟು, ಗಿರಾಕಿಯಿಂದ ಹಣ ಕೈಗೆ ಬರಲು ಮೂರು ತಿಂಗಳಾದರೂ ಬೇಕು. ಹಾಗಾಗಿ ಮೊದಲ ಮೂರು ತಿಂಗಳು ಬರೀ ಬಡ್ಡಿ. ಆಮೇಲೆ ತಿಂಗಳಿಗೆ 10,000 ಅಸಲು, 24 ಕಂತು, ಪ್ರತಿ ತಿಂಗಳ 5ನೇ ತಾರೀಕು. ಬಡ್ಡಿ ವರ್ಷಕ್ಕೆ ಶೇ 6, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಮೊದಲ ತಿಂಗಳ ಬಡ್ಡಿ 1,200. ಅಸಲು ಕಟ್ಟಲು ಶುರು ಮಾಡಿದ ಮೇಲೆ ತಿಂಗಳಿಗೆ 50ರಂತೆ ಇಳಿಯುತ್ತದೆ. ಅತಿ ದೊಡ್ಡ ಕಂತು 11,200. ಕೆಟ್ಟ ತಿಂಗಳಲ್ಲೂ ಕಟ್ಟಬಹುದು, ಕಷ್ಟಪಟ್ಟು.

ಚಿಕ್ಕಪ್ಪ ಓದಿ ಒಂದು ಸಾಲು ಸೇರಿಸಲು ಹೇಳಿದರು. ಒಂದು ತಿಂಗಳು ಆಗದಿದ್ದರೆ ಐದು ದಿನ ಮೊದಲೇ ತಿಳಿಸಬೇಕು, ಆ ತಿಂಗಳು ಬಡ್ಡಿ ಮಾತ್ರ ಕಟ್ಟಬೇಕು, ಕಂತುಗಳೆಲ್ಲ ಒಂದು ತಿಂಗಳು ಮುಂದಕ್ಕೆ ಹೋಗಬೇಕು. "ಆಗ ನೀನು ನಮ್ಮ ಫೋನ್ ಎತ್ತದೆ ಓಡಾಡೋದು ತಪ್ಪುತ್ತೆ" ಎಂದರು. ನಕ್ಕೆ. ಎರಡು ಪ್ರತಿಗೂ ಮೂವರೂ ಸಹಿ ಹಾಕಿದೆವು.

ಹನ್ನೊಂದನೇ ತಿಂಗಳು ನಗು ಬರಲಿಲ್ಲ. ದೊಡ್ಡ ಗಿರಾಕಿಯೊಬ್ಬರು ಬಿಲ್ ಹಣ ತಡೆದುಬಿಟ್ಟರು. ನಿಜ ಹೇಳ್ತೀನಿ, ಫೋನ್ ಕೈಯಲ್ಲಿ ಹಿಡಿದು ಎರಡು ಗಂಟೆ ಕೂತಿದ್ದೆ. ಆಮೇಲೆ ಪತ್ರ ತೆಗೆದು ಆ ಸಾಲು ಓದಿ, ಫೋನ್ ಮಾಡಿದೆ. ಆಗ ಉಳಿದಿದ್ದ ಅಸಲು 1,70,000. ಬಡ್ಡಿ 850 ಕಟ್ಟಿದೆ. ಚಿಕ್ಕಮ್ಮ ಕಾರಣ ಕೆದಕಲಿಲ್ಲ. "ಸರಿ, ಪಟ್ಟಿಯಲ್ಲಿ ಬರ್ಕೋತೀನಿ" ಎಂದರು, ಅಷ್ಟೇ. 27 ತಿಂಗಳದ್ದು 28 ಆಗಿದ್ದು ಹೀಗೆ.

ಆ ವಾರದ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಕೂತು ಊಟ ಮಾಡಿದೆ. ಇಬ್ಬರೂ ಸಾಲದ ಸುದ್ದಿ ಎತ್ತಲಿಲ್ಲ.

ಈಗಷ್ಟೇ ಚಿಕ್ಕಮ್ಮ ತಮ್ಮ ಪ್ರತಿಯ ಫೋಟೋ ಕಳಿಸಿದರು. 28 ಸಾಲಿಗೂ ಟಿಕ್. ಹನ್ನೊಂದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿದೆ: "ಮೊದಲೇ ಹೇಳಿದ."