ಬಸೂಗೆ, ಆ ಧರ್ಮದ ಕಾಲಂ ವಿಚಾರವಾಗಿ

ಗದಗ

ಚಿರಂಜೀವಿ ಬಸೂಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಎರಡು ಸಲ ಓದಿದೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಲಗ್ನಕ್ಕೆ ಅಂತ ನಿನಗೆ ನೋಡಿರುವ ಹಾವೇರಿಯ ಆ ಹುಡುಗಿ ನಿನಗೆ ಬರೆದದ್ದನ್ನು ಇನ್ನು ಯಾರಿಗೂ ಕಳಿಸಬೇಡ, ನನಗೂ ಕಳಿಸಬೇಡ.

ಮಾತು ಶುರುವಾಗಿ ನಾಲ್ಕನೇ ದಿನ. ಅವಳು ಕೇಳಿದ್ದು ಇಷ್ಟೇ: ಕಳೆದ ವರ್ಷ, 2025ರಲ್ಲಿ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಯವರು ಬಂದಾಗ ಧರ್ಮದ ಕಾಲಂನಲ್ಲಿ ನಿಮ್ಮ ಮನೆಯವರು ಏನು ಬರೆಸಿದ್ರಿ? ನೀನು "ಹಿಂದೂ ಅಂತ, ಮತ್ತೇನು ಬರೆಸ್ತಾರೆ?" ಅಂದೆ. ಅವಳು "ನಾವು ಲಿಂಗಾಯತ ಅಂತ ಬರೆಸಿದ್ವಿ" ಅಂದಳು. ಆಮೇಲೆ ರಾತ್ರಿ ಹನ್ನೊಂದಕ್ಕೆ ನಿನ್ನಿಂದ ಮೂರು ವಿಡಿಯೋ ಹೋದವು. ಅವಳು ನೋಡಿದ್ದಾಳೆ, ಉತ್ತರ ಕೊಟ್ಟಿಲ್ಲ.

ಈ ಜಗಳ ನಿಮ್ಮಿಬ್ಬರದು ಅಲ್ಲವೇ ಅಲ್ಲ. ಲಿಂಗಾಯತವನ್ನು ಪ್ರತ್ಯೇಕ ಧರ್ಮ ಅಂತ ಒಪ್ಪಬೇಕು ಅಂತ 2017ರಲ್ಲಿ ಹುಬ್ಬಳ್ಳಿಯಲ್ಲಿ ಸಮಾವೇಶ ಆಯಿತು, 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೇ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಆಗ ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು. ಕಳೆದ ವರ್ಷ ಮತ್ತೆ ಒಬ್ಬ ಸ್ವಾಮಿಗಳು ಲಿಂಗಾಯತ ಅಂತ ಬರೆಸಿ ಅಂದರು, ಇನ್ನೊಬ್ಬರು ವೀರಶೈವ ಲಿಂಗಾಯತ ಅಂದರು, ಮತ್ತೊಬ್ಬರು ಹಿಂದೂ ಅಂದರು. ದೊಡ್ಡವರಿಗೇ ಬಗೆಹರಿಯದ್ದನ್ನು ನೀನು ಮೂರು ವಿಡಿಯೋದಲ್ಲಿ ಬಗೆಹರಿಸೋಕೆ ಹೊರಟಿದ್ದೆ.

ನಿನ್ನ ಉತ್ತರದಲ್ಲಿ "ಹಿಂದೂ" ಅನ್ನೋ ಪದ ಕೆಟ್ಟದ್ದಲ್ಲ. ಕೆಡಿಸಿದ್ದು "ಮತ್ತೇನು". ಎದುರಿಗೆ ಕೂತು ನಕ್ಕೊಂಡು ಅಂದಿದ್ದರೆ ಅದು ಹಾಗೇ ಹೋಗುತ್ತಿತ್ತು. ಫೋನಿನಲ್ಲಿ ನಗು ಕಾಣೋದಿಲ್ಲ, ಸದರ ಮಾಡಿದ ಹಾಗೆ ಓದಿಸಿಕೊಳ್ಳುತ್ತೆ. ವಿಡಿಯೋ ಅಂತೂ ಇನ್ನೂ ಜಾಸ್ತಿ ಆಯಿತು. ಅವಳು ಕೇಳಿದ್ದು ನಿನ್ನ ಮನೆಯ ಮಾತು, ನೀನು ಕೊಟ್ಟದ್ದು ಯಾರದೋ ವೇದಿಕೆಯ ಭಾಷಣ.

ಅವಳು ಆ ಪ್ರಶ್ನೆ ಯಾಕೆ ಕೇಳಿರಬಹುದು ಅಂತ ಯೋಚಿಸಿದೆಯಾ? ಕಾಲಂನಲ್ಲಿ ಬರೆಸಿದ್ದು ಒಂದೇ ಸಾಲು. ಅದರ ಹಿಂದೆ ದಿನದ ಬಾಳು ಇರುತ್ತೆ. ಸತ್ಯನಾರಾಯಣ ಪೂಜೆಗೆ ಸೊಸೆ ಕೂರಲೇಬೇಕಾ? ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಅವಳಿಗೆ ಅರ್ಧ ತಾಸು ಸಿಗುತ್ತಾ? ಲಗ್ನ ಯಾವ ಪದ್ಧತಿಯಲ್ಲಿ? ಅವಳಿಗೆ ಬೇಕಿದ್ದದ್ದು ಇವೇ ಇರಬಹುದು.

ನನ್ನ ಲಗ್ನದ್ದೇ ಹೇಳ್ತೀನಿ, ನಿಮ್ಮ ಅವ್ವನಿಗೆ ಗೊತ್ತಿದೆ. ನಮ್ಮ ಮನೆಯಲ್ಲಿ ಪಂಚಾಚಾರ್ಯರ ಪದ್ಧತಿ, ನಿಮ್ಮ ಅತ್ತೆಯ ತವರಿನಲ್ಲಿ ಬಸವತತ್ವ. ನಿಶ್ಚಯದಲ್ಲಿ ಬಂಗಾರ, ಸೀರೆ, ಊಟ ಎಲ್ಲ ಮಾತಾಡಿದರು, ಇದೊಂದನ್ನು ಯಾರೂ ಎತ್ತಲಿಲ್ಲ. ಲಗ್ನದ ದಿನ ಹಂದರದಲ್ಲಿ ಐದು ಕಲಶ ಕಂಡ ಕೂಡಲೇ ನಮ್ಮ ಮಾವ ಕೈ ಕಟ್ಟಿ ನಿಂತುಬಿಟ್ಟರು. "ವಚನ ಹೇಳಿ ಲಗ್ನ ಮಾಡೋದಾದರೆ ಮುಂದೆ ಬರ್ತೀನಿ" ಅಂದರು. ಜನರ ಕೈಯಲ್ಲಿ ಅಕ್ಕಿಕಾಳು ಬೆವರಿಗೆ ಹಸಿಯಾದವು. ಕೊನೆಗೆ ನಮ್ಮ ಅಜ್ಜ ಎದ್ದು, ಕಲಶವೂ ಇರಲಿ ವಚನವೂ ಆಗಲಿ ಅಂದ. ಲಗ್ನ ಆಯಿತು, ಆದರೆ ಬೀಗರು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನಕ್ಕೇ ಕೇಳಿದ ಹುಡುಗಿ ನಮ್ಮೆಲ್ಲರಿಗಿಂತ ಶಾಣ್ಯಾಳು.

ಈಗ ಒಂದೇ ಮೆಸೇಜು ಬರಿ. ನಾನಾದರೆ ಹೀಗೆ ಬರೀತಿದ್ದೆ: "ಆವತ್ತು 'ಮತ್ತೇನು' ಅಂದದ್ದು ಸರಿಯಾಗಲಿಲ್ಲ, ವಿಡಿಯೋ ಕಳಿಸಿದ್ದೂ ತಪ್ಪು. ನಮ್ಮನೆಯಲ್ಲಿ ಬರೆಸಿದವರು ಅಪ್ಪ, ನನಗೂ ಹಾಗೇ ಅನಿಸುತ್ತೆ. ನಿಮ್ಮ ಮನೆಯ ರೂಢಿ ಹೇಗೆ ಅಂತ ಕೇಳುವ ಮನಸ್ಸಿದೆ. ಫೋನ್ ಮಾಡಬಹುದಾ?" ವಿಡಿಯೋಗಳನ್ನು ಅಳಿಸೋಕೆ ಹೋಗಬೇಡ, ಅವಳು ನೋಡಿಯಾಗಿದೆ.

ಆ "ನನಗೂ ಹಾಗೇ ಅನಿಸುತ್ತೆ" ಅನ್ನೋದನ್ನು ಬಿಡಬೇಡ. ಹುಡುಗಿ ಕೈತಪ್ಪುತ್ತಾಳೆ ಅಂತ ಅವಳ ಮಾತಿಗೆ ಸುಮ್ನೆ ಹೂಂ ಅಂದರೆ ಮೊದಲ ಗಣಪತಿ ಹಬ್ಬಕ್ಕೇ ಅದು ಹೊರಬೀಳುತ್ತೆ.

ಫೋನಿನಲ್ಲಿ ಅವಳು ಏನು ನಂಬುತ್ತಾಳೆ ಅನ್ನೋದಕ್ಕಿಂತ, ನಂಬದವರ ಬಗ್ಗೆ ಹೇಗೆ ಮಾತಾಡ್ತಾಳೆ ಅನ್ನೋದನ್ನು ಕೇಳಿಸಿಕೋ. "ನಾನು ಹೋಮಕ್ಕೆ ಕೂರೋದಿಲ್ಲ, ನಿಮ್ಮ ಅವ್ವ ಮಾಡಿದರೆ ಬೇಡ ಅನ್ನೋದಿಲ್ಲ" ಅಂದರೆ ಸಂಸಾರ ಮಾಡಬಹುದು. "ನಿಮ್ಮಂಥವರೆಲ್ಲ ಹಿಂಗೇ" ಅಂತ ಶುರುವಾದರೆ ಕಷ್ಟ. ನಿನ್ನ ಬಾಯಿಂದ ಬಂದರೂ ಅಷ್ಟೇ. ಹಾಗಾದರೆ ನಮಸ್ಕಾರ ಹೇಳಿ ಮುಗಿಸು, ಕಾರಣ ಕೊಡು. ಹೇಳದೆ ಕೇಳದೆ ಬ್ಲಾಕ್ ಮಾಡಬೇಡ. ಹಾವೇರಿ ನಮಗೆ ದೂರದ ಊರಲ್ಲ, ನಾಳೆ ಯಾರದೋ ಲಗ್ನದಲ್ಲಿ ಅವರಪ್ಪನ ಪಕ್ಕದಲ್ಲೇ ನಾನು ಊಟಕ್ಕೆ ಕೂರಬೇಕಾಗುತ್ತೆ.

ಏನಾಯಿತು ಅಂತ ಶನಿವಾರದೊಳಗೆ ಅವ್ವನಿಗೆ ತಿಳಿಸು. ರವಿವಾರ ಹಾವೇರಿಗೆ ಹೋಗೋಕೆ ಅವಳು ಆಗಲೇ ಕಾರು ಹೇಳಿಟ್ಟಿದ್ದಾಳೆ.

ನಿನ್ನ ಮಾಮಾ