ನಾಳೆಯ ಅಭ್ಯಾಸಕ್ಕೂ ಮೊದಲು: ಸರದಿಯ ತಪ್ಪು

ಗೆಳೆಯರೇ, ಹಂತ ಹಂತವಾಗಿ ಸಾಗುವ ಬಿಎಫ್‌ಎಸ್ ಮತ್ತು ಒಂದೇ ದಾರಿಯಲ್ಲಿ ಕೊನೆಯವರೆಗೂ ಹೋಗುವ ಡಿಎಫ್‌ಎಸ್‌ನಲ್ಲಿ ಊರುಗಳನ್ನು ಮುಟ್ಟುವ ಕ್ರಮ ಬರೆಯಿರಿ ಎಂಬ ಪ್ರಶ್ನೆಗೆ ಬಂದ ನಿನ್ನೆಯ ಉತ್ತರಗಳಲ್ಲಿ ಹಲವರು ಒಂದೇ ಕಡೆ ಎಡವಿದ್ದೀರಿ. ಗ್ರಾಫ್ ಇದು: ಕೊಪ್ಪಳ–ಗಂಗಾವತಿ, ಕೊಪ್ಪಳ–ಹೊಸಪೇಟೆ, ಗಂಗಾವತಿ–ಹೊಸಪೇಟೆ, ಗಂಗಾವತಿ–ಸಿಂಧನೂರು, ಹೊಸಪೇಟೆ–ಬಳ್ಳಾರಿ. ಆರಂಭ ಕೊಪ್ಪಳ, ನೆರೆಯ ಊರುಗಳನ್ನು ಅಕ್ಷರಕ್ರಮದಲ್ಲಿ ನೋಡಬೇಕು.

ಬಿಎಫ್‌ಎಸ್ ಕ್ರಮ: ಕೊಪ್ಪಳ, ಗಂಗಾವತಿ, ಹೊಸಪೇಟೆ, ಸಿಂಧನೂರು, ಬಳ್ಳಾರಿ. ‘ಬ’ ಮೊದಲು ಬರುತ್ತದೆಂದು ಬಳ್ಳಾರಿಯನ್ನು ಮುಂದಿಟ್ಟರೆ ಅಂಕ ಹೋಗುತ್ತದೆ. ಅಕ್ಷರಕ್ರಮ ಅನ್ವಯಿಸುವುದು ಒಂದೇ ಊರಿನ ನೆರೆಯವರ ನಡುವೆ ಮಾತ್ರ, ಇಡೀ ಹಂತಕ್ಕಲ್ಲ. ಗಂಗಾವತಿ ಸರದಿಯಿಂದ, ಅಂದರೆ ಕ್ಯೂನಿಂದ, ಮೊದಲು ಹೊರಬಂದು ಸಿಂಧನೂರನ್ನು ಸೇರಿಸುತ್ತದೆ. ಆಮೇಲೆ ಹೊಸಪೇಟೆ ಬಳ್ಳಾರಿಯನ್ನು ಸೇರಿಸುತ್ತದೆ. ಸರದಿಗೆ ಸೇರಿಸಿದಾಗಲೇ ಗುರುತು ಹಾಕಿ. ಇಲ್ಲದಿದ್ದರೆ ಗಂಗಾವತಿ ಹೊಸಪೇಟೆಯನ್ನು ಎರಡನೇ ಸಲ ಸೇರಿಸುತ್ತದೆ.

ಡಿಎಫ್‌ಎಸ್‌ನಲ್ಲಿ ಸಿಂಧನೂರಿನಿಂದ ಮುಂದೆ ದಾರಿಯಿಲ್ಲ. ಆಗ ಕೊಪ್ಪಳಕ್ಕಲ್ಲ, ಗಂಗಾವತಿಗೆ ಮರಳಿ ಹೊಸಪೇಟೆಗೆ ಹೋಗಬೇಕು: ಕೊಪ್ಪಳ, ಗಂಗಾವತಿ, ಸಿಂಧನೂರು, ಹೊಸಪೇಟೆ, ಬಳ್ಳಾರಿ. ಪ್ರತಿ ಹೆಜ್ಜೆಯ ಸರದಿಯನ್ನು ಪಕ್ಕದಲ್ಲಿ ಬರೆದು, ಹಾಳೆಯ ಚಿತ್ರವನ್ನು ಇಂದು ರಾತ್ರಿಯೇ ಇಲ್ಲಿ ಹಾಕಿ.