ಮನೆ ರೂಟರ್ ಮಾರಾಟದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ, ಸಿಮ್ ಹಾಕಿ ಬಳಸುವ ಮನೆ ರೂಟರನ್ನು ಅಂಗಡಿಯಲ್ಲೇ ಕೈಗೆ ಕೊಟ್ಟು ಕಳುಹಿಸುವುದನ್ನು ನಿಲ್ಲಿಸುತ್ತಿದ್ದೇವೆ. ಮೊದಲು ನಮ್ಮ ಹುಡುಗ ಮನೆಗೆ ಬಂದು ಸಿಗ್ನಲ್ ಅಳೆಯುತ್ತಾನೆ. ಅದಕ್ಕೆ 400 ರೂಪಾಯಿ ಶುಲ್ಕವಿದ್ದು, ರೂಟರ್ ಕೊಂಡವರಿಗೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಅಳತೆ ತೃಪ್ತಿಕರವಾಗಿರದಿದ್ದರೆ ರೂಟರ್ ಮಾರುವುದಿಲ್ಲ.

ಇಷ್ಟು ದಿನ ಪುಕ್ಕಟೆ ಬರುತ್ತಿದ್ದವರು ಈಗ ಹಣ ಕೇಳುತ್ತಿದ್ದಾರೆಂದು ಕೆಲವರಿಗೆ ಬೇಸರವಾಗುವುದು ಸಹಜ. ಕಳೆದ ಮಳೆಗಾಲದಲ್ಲಿ ಹನ್ನೊಂದು ರೂಟರ್‌ಗಳು ನಮಗೆ ವಾಪಸು ಬಂದವು. ಎಲ್ಲರಿಗೂ ಹಣ ಹಿಂತಿರುಗಿಸಿದೆವು, ಆದರೆ ಡಬ್ಬಿ ಒಡೆದ ಮಾಲನ್ನು ಸಗಟು ವ್ಯಾಪಾರಿ ಮರಳಿ ತೆಗೆದುಕೊಳ್ಳುವುದಿಲ್ಲ. ತೋಟದ ರಸ್ತೆಗಳಲ್ಲಿ ಒಂದೊಂದು ಮನೆಗೆ ಮೂರು ಮೂರು ಸಲ ಹೋಗಿಬಂದ ಡೀಸೆಲ್ ಖರ್ಚೂ ನಮ್ಮದೇ. ಆ ಹನ್ನೊಂದರಲ್ಲಿ ಕೆಟ್ಟಿದ್ದ ರೂಟರ್ ಒಂದೂ ಇರಲಿಲ್ಲ.

ನಾವು ಪದೇ ಪದೇ ಕೇಳಿದ ದೂರು ಒಂದೇ: “ನೀವು ಹೇಳಿದಂತೆ ಕಿಟಕಿಯ ಹತ್ತಿರವೇ ಇಟ್ಟಿದ್ದೇವೆ, ಕಡ್ಡಿಗಳೂ ಪೂರ್ತಿ ಇವೆ, ಆದರೂ ಸ್ಪೀಡ್ ಇಲ್ಲ.” ಇದರಲ್ಲಿ ನಮ್ಮ ತಪ್ಪೂ ಇದೆ. ದಪ್ಪ ಗೋಡೆ, ಆರ್‌ಸಿಸಿ ಚಾವಣಿ, ತಗಡಿನ ಶೀಟು ಇವೆಲ್ಲ ಸಿಗ್ನಲ್ ತಡೆಯುತ್ತವೆ ಎಂಬ ಕಾರಣಕ್ಕೆ “ಕಿಟಕಿಯ ಹತ್ತಿರ ಇಡಿ” ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುತ್ತಿದ್ದೆವು. ಯಾವ ಕಿಟಕಿ ಎಂದು ಹೇಳುತ್ತಿರಲಿಲ್ಲ. ಅದಕ್ಕಾಗಿ ಕ್ಷಮೆ ಕೋರುತ್ತೇವೆ.

ಆಲ್ದೂರು ಕಡೆಯ ಒಂದು ತೋಟದ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ ರೂಟರನ್ನು ಕಣಿವೆಗೆ ಮುಖಮಾಡಿದ ಹಾಲಿನ ಪೂರ್ವದ ಕಿಟಕಿಯಲ್ಲಿಟ್ಟಿದ್ದರು. ಕಡ್ಡಿಗಳು ಪೂರ್ತಿ ಇದ್ದರೂ ವೇಗ 3 ಎಂಬಿಪಿಎಸ್ ದಾಟುತ್ತಿರಲಿಲ್ಲ. ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನೋಡಿದಾಗ RSRP -86 ಎಂದೂ SINR 1 ಎಂದೂ ಇತ್ತು. ಮೊದಲನೆಯದು ಸಿಗ್ನಲ್ ಎಷ್ಟು ಜೋರಾಗಿದೆ ಎಂಬುದನ್ನು ಹೇಳುತ್ತದೆ, ಕಡ್ಡಿಗಳು ಹೆಚ್ಚಾಗಿ ಇದನ್ನೇ ತೋರಿಸುತ್ತವೆ. ಎರಡನೆಯದು ಆ ಸಿಗ್ನಲ್ ಬೇರೆ ಸಿಗ್ನಲ್‌ಗಳ ಗದ್ದಲದ ನಡುವೆ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂಬುದನ್ನು ಹೇಳುತ್ತದೆ. ಆ ಕಿಟಕಿಗೆ ಎರಡು ಟವರ್‌ಗಳು ಒಂದೇ ತರಂಗಾಂತರದಲ್ಲಿ ಹೆಚ್ಚುಕಡಿಮೆ ಸಮನಾಗಿ ಬರುತ್ತಿದ್ದವು. ಸಂತೆಯಲ್ಲಿ ಇಬ್ಬರು ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯದಂತೆ, ಜೋರು ಇದ್ದರೂ ಸ್ಪಷ್ಟತೆ ಇರಲಿಲ್ಲ.

ರೂಟರನ್ನು ಮನೆಯ ಹಿಂಬದಿಯ ಪಶ್ಚಿಮದ ಕಿಟಕಿಗೆ ಒಯ್ದೆವು. ಎರಡು ಕಡ್ಡಿ ಕಡಿಮೆಯಾಗಿ RSRP -98ಕ್ಕೆ ಇಳಿಯಿತು. ಮನೆಯವರು “ಇದೇನು, ಇನ್ನೂ ಕೆಟ್ಟಿತಲ್ಲ” ಎಂದರು. ಆದರೆ SINR 15ಕ್ಕೆ ಏರಿ, ವೇಗ 24 ಎಂಬಿಪಿಎಸ್ ಆಯಿತು. ಹಾಲಿನ ದಪ್ಪ ಗೋಡೆಯೇ ಆಚೆಯ ಟವರ್‌ಗೆ ಅಡ್ಡ ನಿಂತು ಗದ್ದಲ ತಗ್ಗಿಸಿತ್ತು. ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ರೂಟರ್ ಕಾದು ವೇಗ ಇಳಿಯಬಹುದಾದ್ದರಿಂದ ಅದನ್ನು ಕಿಟಕಿಯಿಂದ ಒಂದಡಿ ಒಳಗೆ ಇಟ್ಟು ಬಂದೆವು.

ಅದೇ ಮನೆಯಿಂದ ರಾತ್ರಿ ಒಂಬತ್ತಕ್ಕೆ ಮತ್ತೆ ಫೋನ್ ಬಂತು, ವೇಗ 7ಕ್ಕೆ ಇಳಿದಿದೆ ಎಂದು. ಎರಡೂ ಅಂಕಿಗಳನ್ನು ಓದಿಸಿದೆವು, ಅವು ಹಗಲಿನಂತೆಯೇ ಇದ್ದವು. ಅಂದರೆ ಸಿಗ್ನಲ್ ಸರಿಯಾಗಿಯೇ ಇದೆ. ಊಟ ಮುಗಿಸಿ ಸುತ್ತಲಿನವರೆಲ್ಲ ಒಟ್ಟಿಗೆ ಬಳಸುತ್ತಿರುವುದರಿಂದ ಟವರಿನ ಒಟ್ಟು ಸಾಮರ್ಥ್ಯ ಹಂಚಿಹೋಗುತ್ತಿದೆ. ಇದಕ್ಕೆ ಯಾವ ಕಿಟಕಿಯಲ್ಲೂ ಪರಿಹಾರವಿಲ್ಲ. ಟವರ್ ನಮ್ಮದಲ್ಲ, ಆದರೂ ಬೈಗುಳ ನಮಗೇ ಬರುತ್ತದೆ ಎಂಬುದನ್ನು ನೋವಿನಿಂದಲೇ ಹೇಳುತ್ತಿದ್ದೇವೆ. ದಯವಿಟ್ಟು ಬೆಳಗಿನ ಆರಕ್ಕೂ ರಾತ್ರಿ ಒಂಬತ್ತಕ್ಕೂ ಒಂದೊಂದು ಸಲ ವೇಗ ಪರೀಕ್ಷಿಸಿ. ಸಾಧ್ಯವಾದರೆ ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್‌ನಿಂದಲೇ ಜೋಡಿಸಿ ನೋಡಿ. ಕೇಬಲ್‌ನಲ್ಲಿ 24 ಇದ್ದು ಅಡುಗೆಮನೆಯ ಫೋನಿನಲ್ಲಿ 5 ಮಾತ್ರ ಬಂದರೆ ತೊಂದರೆ ನಡುವಿನ ಗೋಡೆಗಳಲ್ಲಿದೆ, ವೈಫೈಗೆ ಇನ್ನೊಂದು ಪೆಟ್ಟಿಗೆ ಬೇಕಾಗುತ್ತದೆ.

ಈ ಕಾರಣಗಳಿಂದಲೇ ಇನ್ನು ಮುಂದೆ ಮನೆಯ ಕನಿಷ್ಠ ಮೂರು ಕಡೆ ಎರಡೂ ಅಂಕಿಗಳನ್ನು ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇವೆ. SINR ಎಲ್ಲಿಯೂ 5 ದಾಟದ ಮನೆಗೆ ನಾವು ರೂಟರ್ ಕೊಡುವುದಿಲ್ಲ. ವ್ಯಾಪಾರ ಕಳೆದುಕೊಂಡರೂ ಚಿಂತೆಯಿಲ್ಲ.

ಬೇಸಿಗೆಯಲ್ಲಿ ಅಳೆದದ್ದು ಜುಲೈನಲ್ಲಿ ಹಾಗೆಯೇ ಉಳಿಯುತ್ತದೆ ಎನ್ನಲಾಗದು. ಟವರಿನ ದಿಕ್ಕಿನಲ್ಲಿ ಸಿಲ್ವರ್ ಓಕ್ ಸಾಲಿದ್ದರೆ ನೆನೆದ ಎಲೆಗಳು ಸಿಗ್ನಲನ್ನು ಇನ್ನಷ್ಟು ಹೀರುತ್ತವೆ. ಆದ್ದರಿಂದ ನಮ್ಮಲ್ಲಿ ರೂಟರ್ ಕೊಂಡ ಪ್ರತಿ ಮನೆಗೂ ಮೊದಲ ಮಳೆಗಾಲದಲ್ಲಿ ಒಮ್ಮೆ ಶುಲ್ಕವಿಲ್ಲದೆ ಬಂದು ಮತ್ತೆ ಅಳೆಯುತ್ತೇವೆ. ಈಗಾಗಲೇ ಕೊಂಡವರಿಗೂ ಇದು ಅನ್ವಯಿಸುತ್ತದೆ. ಹಳೆಯ ಬಿಲ್ಲು ಸಿಗದಿದ್ದರೆ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿದೆ.

ಇಂತಿ ತಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ,
ಚಿಕ್ಕಮಗಳೂರು